ಅಕ್ಷರ, ಅಂಕಿ, ತಾರೀಖು: ಆಲಿಸುವಿಕೆ ಅಭ್ಯಾಸದ ಆ್ಯಪ್‌ ಜೊತೆ ಏಳು ತಿಂಗಳು

ನಾನು ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ನರ್ಸ್. ಬ್ರಿಟನ್ನಿನಲ್ಲಿ ನೋಂದಣಿಯಾಗಬೇಕಿದ್ದರೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಆಲಿಸುವಿಕೆ ವಿಭಾಗದಲ್ಲಿ 7 ಬರಬೇಕು. ಮೊದಲ ಸಲ ನನಗೆ ಬಂದದ್ದು 6.5. ಎಲ್ಲಿ ತಪ್ಪಿತು ಎಂದು ಪರೀಕ್ಷೆ ನಡೆಸುವವರು ಹೇಳುವುದಿಲ್ಲ, ಅಂಕವನ್ನಷ್ಟೇ ಕೊಡುತ್ತಾರೆ. ಹಾಗಾಗಿ ಕಾರಣ ಹುಡುಕಲು ಒಂದು ಅಭ್ಯಾಸದ ಆ್ಯಪ್‌ಗೆ ಚಂದಾ ಕಟ್ಟಿದೆ. ಹೆಸರು ಹೇಳುವುದಿಲ್ಲ, ಇಂಥ ಹತ್ತಾರು ಇವೆ, ಒಂದರ ದೋಷ ಇನ್ನೊಂದರಲ್ಲೂ ಇರುತ್ತದೆ.

ಆಲಿಸುವಿಕೆಯಲ್ಲಿ ನಾಲ್ಕು ಭಾಗ, ಒಟ್ಟು 40 ಪ್ರಶ್ನೆ. ಮೊದಲ ಭಾಗದ ಹತ್ತು ಪ್ರಶ್ನೆಗಳು ಸಾಮಾನ್ಯವಾಗಿ ಒಂದು ಅರ್ಜಿಯ ರೂಪದಲ್ಲಿರುತ್ತವೆ. ಯಾರೋ ಮನೆ ಬಾಡಿಗೆಗೆ ಕೇಳುತ್ತಾರೆ, ಯಾರೋ ತರಗತಿಗೆ ಸೇರುತ್ತಾರೆ. ಅವರ ಹೆಸರು, ದೂರವಾಣಿ ಸಂಖ್ಯೆ, ತಾರೀಖುಗಳನ್ನು ನಾವು ಖಾಲಿ ಜಾಗದಲ್ಲಿ ತುಂಬಬೇಕು. ಧ್ವನಿ ಕೇಳಿಸುವುದು ಒಂದೇ ಸಲ. ಇದು ಸುಲಭದ ಭಾಗವೆಂದು ಎಲ್ಲರೂ ಹೇಳುತ್ತಾರೆ, ನಾನೂ ಹಾಗೆಯೇ ನಂಬಿದ್ದೆ. ಆ್ಯಪ್‌ನಲ್ಲಿ ಮೊದಲ ವಾರ ನಾನು ಅತಿ ಹೆಚ್ಚು ತಪ್ಪು ಮಾಡಿದ್ದು ಇಲ್ಲಿಯೇ.

ಒಂದು ತಪ್ಪನ್ನು ಬಿಡಿಸಿ ಹೇಳುತ್ತೇನೆ. ಬ್ರಿಟಿಷ್ ಹೆಂಗಸೊಬ್ಬಳು ತನ್ನ ಮನೆತನದ ಹೆಸರು ‘ಗಾಬಟ್’ ಎಂದು ಹೇಳಿ ಅಕ್ಷರ ಬಿಡಿಸುತ್ತಾಳೆ: ‘ಜೀ, ಏ, ಆ, ಬೀ, ಯೂ, ಡಬಲ್ ಟೀ’. ನಾನು ಒತ್ತಿದ್ದು Gaabutt. ಸರಿಯಾದದ್ದು Garbutt. ಮೂರು ಸಲ ಕೇಳಿದೆ, ಮೂರು ಸಲವೂ ನನ್ನ ಕಿವಿಗೆ ಎರಡು ‘ಎ’ ಬಂದವು. ನಾವು ‘ಆರ್’ ಎನ್ನುವಾಗ ಕೊನೆಯ ರಕಾರ ನಾಲಿಗೆಯ ಮೇಲೆ ಸ್ಪಷ್ಟವಾಗಿ ನಿಲ್ಲುತ್ತದೆ. ದಕ್ಷಿಣ ಇಂಗ್ಲೆಂಡಿನವರ ಬಾಯಲ್ಲಿ ಅದು ಇರುವುದೇ ಇಲ್ಲ, ಬರೀ ‘ಆ’. ಅ, ಆ ಎಂದು ಅಕ್ಷರ ಕಲಿತ ನಮಗೆ ‘ಆ’ ಎಂದ ಕೂಡಲೇ ಬೆರಳು ಇಂಗ್ಲಿಷಿನ ಮೊದಲ ಅಕ್ಷರದತ್ತ ಹೋಗುತ್ತದೆ. ಹೆಸರನ್ನು ಇಡಿಯಾಗಿ ಹೇಳಿದಾಗಲೂ ಅದರಲ್ಲಿ ರಕಾರ ಕೇಳಿಸದ ಕಾರಣ ಅನುಮಾನವೂ ಹುಟ್ಟಲಿಲ್ಲ. ಮುಂದಿನ ಅಕ್ಷರದ ಹೆಸರು ಸ್ವರದಿಂದ ಶುರುವಾಗಿ, ಅವರು ನಡುವೆ ನಿಲ್ಲದೆ ಓದಿದರೆ ಮಾತ್ರ ಆ ರಕಾರ ಒಮ್ಮೆ ಇಣುಕುತ್ತದೆ.

ಇದು ಹಿಡಿತಕ್ಕೆ ಬರುವಷ್ಟರಲ್ಲಿ ಆಸ್ಟ್ರೇಲಿಯಾದವರು ಬಂದರು. ಅವರಲ್ಲಿ ಕೆಲವರ ‘ಏ’ ನಮ್ಮ ‘ಐ’ಗೆ ಬಹಳ ಹತ್ತಿರ. ಅಮೆರಿಕದವರು ಕೊನೆಯ ಅಕ್ಷರವನ್ನು ‘ಜಡ್’ ಎನ್ನುವುದಿಲ್ಲ, ‘ಜೀ’ ಎನ್ನುತ್ತಾರೆ. ಅವರ ಆ ‘ಜ’ ಹಲ್ಲಿನ ಹಿಂದೆ ಜೇನಿನಂತೆ ಗುಂಯ್‌ಗುಡುವ ಸದ್ದು. ಕನ್ನಡದ ಕಿವಿ ಅದನ್ನೂ ‘ಜಿ’ಯನ್ನೂ ಒಂದೇ ಮಾಡಿಬಿಡುತ್ತದೆ. ಪರೀಕ್ಷೆಯಲ್ಲಿ ಈ ಎಲ್ಲ ದೇಶದವರ ಧ್ವನಿಯೂ ಬರಬಹುದು. ಆದ್ದರಿಂದ ಮಾತಾಡುವವರು ಯಾವ ಕಡೆಯವರು ಎಂಬುದನ್ನು ಮೊದಲ ಎರಡು ವಾಕ್ಯದಲ್ಲೇ ಗುರುತಿಸಿಕೊಳ್ಳಬೇಕು. ಹೆಸರು ಬಿಡಿಸುವ ಹೊತ್ತಿಗೆ ಆ ಯೋಚನೆಗೆ ಸಮಯವಿರುವುದಿಲ್ಲ.

ಆ್ಯಪ್‌ನ ಮೊದಲ ದೋಷವೂ ಇಲ್ಲೇ ಇದೆ. ಅದರ ‘ಅಕ್ಷರ ಅಭ್ಯಾಸ’ ಎಂಬ ಭಾಗದಲ್ಲಿ ಅಕ್ಷರಗಳು ಗಡಿಯಾರದ ಟಿಕ್‌ನಂತೆ ಸಮ ಅಂತರದಲ್ಲಿ, ‘ಆರ್’ ಎಂದು ನಮ್ಮವರ ಉಚ್ಚಾರಣೆಯಲ್ಲೇ ಬರುತ್ತವೆ. ಒಂದು ತಿಂಗಳು ಅದನ್ನೇ ಮಾಡಿ ನೂರಕ್ಕೆ ನೂರು ತೆಗೆದೆ. ಪೂರ್ಣ ಪ್ರಶ್ನೆಪತ್ರಿಕೆಗೆ ಹೋದಾಗ ಮತ್ತೆ ಅದೇ ತಪ್ಪು. ಕೊನೆಗೆ ತಮ್ಮನನ್ನು ಕೂರಿಸಿಕೊಂಡೆ. ತೀರ್ಥಹಳ್ಳಿಯ ಮನೆಯಲ್ಲಿ, ತಗಡಿನ ಮೇಲೆ ಆಷಾಢದ ಮಳೆ ಬೀಳುತ್ತಿರುವಾಗ, ಅವನು ರಕಾರ ನುಂಗಿ ಹೆಸರುಗಳನ್ನು ಬಿಡಿಸುವುದು, ನಾನು ಬರೆಯುವುದು. ‘ಅಕ್ಕಾ, ಇದು ಆರೋ ಎಯೋ ನನಗೇ ಮರೆತುಹೋಯಿತು’ ಎಂದು ಅವನು ನಗುತ್ತಿದ್ದ. ಆ ಎರಡು ವಾರ ಕಲಿಸಿದಷ್ಟು ಆ್ಯಪ್ ಕಲಿಸಲಿಲ್ಲ. ಮಳೆಯ ಸದ್ದಿನಲ್ಲಿ ಕೇಳಿದ್ದೂ ನಷ್ಟವಾಗಲಿಲ್ಲ.

ಅಂಕಿಗಳ ವಿಷಯದಲ್ಲಿ ಆ್ಯಪ್ ಉತ್ತಮವಾಗಿದೆ. ದೂರವಾಣಿ ಸಂಖ್ಯೆಗಳನ್ನು ನಿಜವಾದ ಗುಂಪುಗಳಲ್ಲಿ, ಸೊನ್ನೆಗೆ ‘ಓ’ ಎಂದು, ನಡುನಡುವೆ ‘ಡಬಲ್’ ಸೇರಿಸಿ ಓದಿಸುತ್ತಾರೆ. ನಾವೂ ‘ಡಬಲ್’ ಎನ್ನುವವರೇ, ಕಷ್ಟವಾಗಲಿಲ್ಲ. ಹದಿನಾಲ್ಕಕ್ಕೂ ನಲವತ್ತಕ್ಕೂ ವ್ಯತ್ಯಾಸ ಹಿಡಿಯಲು ಮಾತ್ರ ಅವರು ಕೊಡುವ ಸೂತ್ರ ಅರ್ಧ ಸತ್ಯ. ‘ಫೋರ್‌ಟೀನ್’ನಲ್ಲಿ ಒತ್ತು ಕೊನೆಗೆ, ‘ಫಾರ್ಟಿ’ಯಲ್ಲಿ ಮೊದಲಿಗೆ ಎನ್ನುತ್ತಾರೆ. ಒಂಟಿಯಾಗಿ ಹೇಳಿದಾಗ ಅದು ನಿಜ. ಆದರೆ ‘ಫೋರ್‌ಟೀನ್ ಮಿಲ್ ಲೇನ್’ ಎಂದು ಮನೆಯ ವಿಳಾಸ ಹೇಳಿದಾಗ ಒತ್ತು ಮೊದಲ ಉಚ್ಚಾರಾಂಶಕ್ಕೆ ಸರಿದುಬಿಡುತ್ತದೆ. ಒತ್ತನ್ನು ನಂಬಿ ನಾನು 40 ಎಂದು ಬರೆದಿದ್ದೇನೆ. ಕೊನೆಯ ‘ಟೀ’ ಎಷ್ಟು ಉದ್ದ, ಅದರ ನಂತರ ನಕಾರ ಇದೆಯೇ ಎಂದು ಕೇಳುವುದೇ ಗಟ್ಟಿ ದಾರಿ.

ತಾರೀಖಿನಲ್ಲಿ ಕೇಳಿಸಿದ್ದನ್ನು ಬರೆಯುವುದೇ ಕೆಲವೊಮ್ಮೆ ತಪ್ಪು. ‘ಹದಿನಾಲ್ಕನೇ ಮೇ, ಮಂಗಳವಾರ ಬರಬಹುದೇ?’ ‘ಅಂದು ನನಗೆ ಕೆಲಸ, ಮರುದಿನ ಆದೀತೇ?’ ‘ಆಗಲಿ’. ಉತ್ತರ 15 ಮೇ. ಆ ಸಂಖ್ಯೆಯನ್ನು ಯಾರೂ ಬಾಯಿಬಿಟ್ಟು ಹೇಳಿರುವುದೇ ಇಲ್ಲ! ಮೊದಲ ತಾರೀಖು ಬಿದ್ದ ಕೂಡಲೇ ಬರೆದು ಮುಂದಿನ ಪ್ರಶ್ನೆಗೆ ಕಣ್ಣು ಹಾಯಿಸುವ ಅಭ್ಯಾಸ ನನ್ನದಾಗಿತ್ತು. ಈಗ ಬರೆದುಕೊಂಡರೂ ಎದುರಿನವರು ಒಪ್ಪುವವರೆಗೆ ಅಲ್ಲಿಯೇ ಇರುತ್ತೇನೆ. ಇಂಥ ಸಂಭಾಷಣೆಗಳು ಆ್ಯಪ್‌ನಲ್ಲಿ ಸಾಕಷ್ಟಿವೆ, ಚೆನ್ನಾಗಿಯೂ ಇವೆ. ಕೊಟ್ಟ ಹಣಕ್ಕೆ ಇವೇ ಸಮಾಧಾನ.

ಉತ್ತರ ತಿದ್ದುವ ಯಂತ್ರ ಮಾತ್ರ ಬಹುಕಾಲ ಕಾಡಿತು. ನಾನು 15 May ಎಂದು ಬರೆದರೆ ತಪ್ಪು, 15th May ಎಂದರೆ ಸರಿ. ನಿಜವಾದ ಪರೀಕ್ಷೆಯಲ್ಲಿ ಎರಡೂ ಸರಿ. ಅದೇ ಯಂತ್ರ 15th of May ಎಂಬುದನ್ನು ಒಪ್ಪಿಕೊಂಡಿತು. ‘ಒಂದು ಪದ ಮತ್ತು/ಅಥವಾ ಒಂದು ಸಂಖ್ಯೆ’ ಎಂದು ಸೂಚನೆಯಿದ್ದಾಗ ಅಲ್ಲಿ ಎರಡು ಪದಗಳಾಗುವುದರಿಂದ ಅಂಕ ಹೋಗುತ್ತದೆ. ಎರಡು ಸಲ ದೂರು ಬರೆದೆ. ನಾಲ್ಕನೇ ತಿಂಗಳಲ್ಲಿ ಮೊದಲನೆಯದನ್ನು ಸರಿಪಡಿಸಿದರು, ಎರಡನೆಯದು ಇನ್ನೂ ಹಾಗೆಯೇ ಇದೆ. ಅಲ್ಲಿಯವರೆಗೆ ಅದು ತೋರಿಸಿದ ಅಂಕಪಟ್ಟಿಯನ್ನು ನೋಡಿ ಅತ್ತದ್ದೂ ವ್ಯರ್ಥ, ಹಿಗ್ಗಿದ್ದೂ ವ್ಯರ್ಥ.

ಇನ್ನೊಂದು, ಹಿಂದಕ್ಕೆ ಹೋಗುವ ಗುಂಡಿ. ರಾತ್ರಿ ಪಾಳಿ ಮುಗಿಸಿ ಬಂದು ಕೂತಾಗ ಬೆರಳು ತಾನಾಗಿ ಅದನ್ನು ಒತ್ತುತ್ತದೆ. ಪರೀಕ್ಷೆಯ ಮಾದರಿ ಎಂದು ಕರೆದ ಪತ್ರಿಕೆಗಳಲ್ಲೂ ಅದನ್ನು ಮುಚ್ಚುವ ಆಯ್ಕೆ ಕೊಟ್ಟಿಲ್ಲ. ನಾನು ಪರದೆಯ ಕೆಳಭಾಗಕ್ಕೆ ಔಷಧಿ ಚೀಟಿಯೊಂದನ್ನು ಅಂಟಿಸಿಕೊಂಡು ಅಭ್ಯಾಸ ಮಾಡಿದೆ.

ಎರಡನೇ ಸಲ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಕಂಪ್ಯೂಟರಿನಲ್ಲಿ ಬರೆದೆ. ಅಲ್ಲಿ ಧ್ವನಿ ಮುಗಿದ ಮೇಲೆ ಪರಿಶೀಲಿಸಲು ಎರಡೇ ನಿಮಿಷ; ಕಾಗದದ ಪರೀಕ್ಷೆಯಲ್ಲಿದ್ದಂತೆ ಉತ್ತರ ವರ್ಗಾಯಿಸಲು ಹತ್ತು ನಿಮಿಷವಿಲ್ಲ. ಆ ಎರಡು ನಿಮಿಷವನ್ನು ಹೆಸರುಗಳ ಅಕ್ಷರ ನೋಡುವುದಕ್ಕೇ ಕೊಟ್ಟೆ. 7.5 ಬಂತು.

ಐದರಲ್ಲಿ ಮೂರು ನಕ್ಷತ್ರ. ಪೂರ್ಣ ಪತ್ರಿಕೆಗಳಿಗಾಗಿ ಮೂರು ತಿಂಗಳ ಚಂದಾ ಕಟ್ಟಿದರೆ ಸಾಕು, ವರ್ಷದ್ದು ಬೇಡ. ‘ಅಕ್ಷರ ಅಭ್ಯಾಸ’ವನ್ನು ತೆರೆಯಲೇಬೇಡಿ, ಮನೆಯಲ್ಲಿ ರಕಾರ ನುಂಗಬಲ್ಲ ತಮ್ಮನೋ ತಂಗಿಯೋ ಇದ್ದರೆ ಅವರನ್ನೇ ಕೂರಿಸಿಕೊಳ್ಳಿ.