14 ತಿಂಗಳ ಚಂದಾ, ಏಳು ಟಿಕೆಟ್, ಒಂದು ಅರ್ಕಾವೊತ್ತು

ಶಿವಮೊಗ್ಗದಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. ಹಳೆಯ ನುಡಿ ತಂತ್ರಾಂಶದ ಫೈಲುಗಳನ್ನು ಯೂನಿಕೋಡಿಗೆ ತರುವ ಕೆಲಸ ಹಿಡಿದಾಗ, ಪ್ರಶ್ನೆ ಬರೆದು ಹಾಕಿದರೆ ತಂತ್ರಜ್ಞರು ಉತ್ತರ ಬರೆಯುವ ತಿಂಗಳು ತಿಂಗಳು ಚಂದಾ ಕಟ್ಟುವ ಒಂದು ಸೇವೆಗೆ ಸೇರಿದೆ. ಹೆಸರು ಬೇಡ. ಉತ್ತರ ಎಷ್ಟು ಬೇಗ ಬರುತ್ತದೆ, ಪ್ಲಾನ್ ಯಾವ್ಯಾವುದು ಅನ್ನೋದೆಲ್ಲ ಅವರ ಪುಟದಲ್ಲೇ ಇದೆ. ಅಲ್ಲಿ ಇಲ್ಲದ ಒಂದು ಸಂಗತಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹತ್ತು ದಿನ ನೀವು ಮಾತಾಡದಿದ್ದರೆ ನಿಮ್ಮ ಪ್ರಶ್ನೆಯ ಮಾತುಕತೆ, ಅವರ ಭಾಷೆಯಲ್ಲಿ ಟಿಕೆಟ್, ಮುಚ್ಚಿಹೋಗುತ್ತದೆ. ಮುಂದಿನ ಸಲ ಬರುವವರು ಬೇರೆ ಯಾರೋ. ಹಳೆಯ ಮಾತುಕತೆಯಲ್ಲಿ ಅವರಿಗೆ ಕಾಣುವುದು ಕೊನೆಯ ನಾಲ್ಕೈದು ಸಾಲು, ಅದರ ಮೇಲೆ "ಸಮಸ್ಯೆ ಬಗೆಹರಿದಿದೆ" ಅನ್ನುವ ಮುದ್ರೆ.

ಮೊದಲ ಟಿಕೆಟ್ಟಿನಲ್ಲಿ ಅರುವತ್ತಕ್ಕೂ ಹೆಚ್ಚು ಪ್ರಶ್ನೋತ್ತರ ಆಗಿತ್ತು. ಅಕ್ಕನ ಮಗಳ ಮದುವೆಗೆ ಹೋಗಿ ಬರುವಷ್ಟರಲ್ಲಿ ಅದು ಮುಚ್ಚಿತ್ತು. ಸರಿ, ಹಿಂದಿನದನ್ನೆಲ್ಲ ಬರೆದು ಕೊಡೋಣ ಅಂತ ಎರಡು ಪುಟದ ಟಿಪ್ಪಣಿ ಮಾಡಿದೆ. ಮೊದಲು ಏನು ಕೇಳಿದೆ, ಅವರೇನು ಹೇಳಿದರು, ಆಮೇಲೆ ಏನಾಯಿತು ಅಂತ ನಡೆದ ಕ್ರಮದಲ್ಲೇ. ನನ್ನ ತಪ್ಪು ಅಲ್ಲೇ ಶುರು.

ಸಮಸ್ಯೆ ಇಷ್ಟು. ಪರಿವರ್ತನೆ ಆದ ಮೇಲೆ 'ರ‍್ಯಾಂಕ್' ಅನ್ನುವ ಪದ 'ರ್ಯಾಂಕ್' ಆಗುತ್ತಿತ್ತು. ರಕಾರಕ್ಕೆ ಯ ಒತ್ತು ಬರಬೇಕಾದಲ್ಲಿ ಯಕಾರಕ್ಕೆ ಅರ್ಕಾವೊತ್ತು ಬಂದು ಕೂರುತ್ತಿತ್ತು. ಮೊದಲನೆಯವರು ಶುರುವಿನಲ್ಲಿ, ಎಲ್ಲ 'ರ್ಯ'ವನ್ನೂ ಹುಡುಕಿ ಒಟ್ಟಿಗೆ ಬದಲಾಯಿಸಿ ಅಂದಿದ್ದರು. ಇಪ್ಪತ್ತು ಉತ್ತರ ಕಳೆದ ಮೇಲೆ ಅವರೇ ಅದನ್ನು ಹಿಂತೆಗೆದುಕೊಂಡರು. ಹಾಗೆ ಮಾಡಿದರೆ ಸೂರ್ಯ, ಕಾರ್ಯ, ಆಚಾರ್ಯ ಎಲ್ಲವೂ ಕೆಡುತ್ತವೆ. ನನ್ನ ಟಿಪ್ಪಣಿಯಲ್ಲಿ ಮೊದಲ ಸಲಹೆ ಮೊದಲ ಪುಟದಲ್ಲಿತ್ತು, ಅದು ರದ್ದಾದ ಸುದ್ದಿ ಎರಡನೇ ಪುಟದ ಕೆಳಗಿತ್ತು. ಹೊಸಬರು ಮೊದಲ ಪುಟ ಓದಿ "ಸರಿಯಾದ ದಾರಿ, ಮುಂದುವರಿಸಿ ಮೇಡಂ" ಅಂದರು. ನಾನೂ ಸುಸ್ತಾಗಿದ್ದೆ, ಒತ್ತಿಬಿಟ್ಟೆ. ಮಾರನೇ ದಿನ ಕರಡು ತಿದ್ದುವ ಮೇಷ್ಟ್ರು ಸ್ಮರಣ ಸಂಚಿಕೆಯ ಹಾಳೆಗಳನ್ನು ತಂದು ಮೇಜಿನ ಮೇಲಿಟ್ಟರು. 'ಕಾರ‍್ಯದರ್ಶಿಯ ಮಾತು' ಅನ್ನೋದಕ್ಕೆ ಕೆಂಪು ವೃತ್ತ ಹಾಕಿ, "ಏನಮ್ಮಾ, ಇಡೀ ಸಂಚಿಕೆಯ ಅರ್ಕಾವೊತ್ತು ಎಲ್ಲಿ ಹೋಯ್ತು?" ಅಂದರು. ಪ್ರತಿ ಇಟ್ಟುಕೊಂಡಿದ್ದೆ, ಬಚಾವಾದೆ.

ಎರಡನೇ ಟಿಪ್ಪಣಿ ಇನ್ನೂ ಚೆನ್ನಾಗಿ ಬರೆದೆ, ಅದೂ ಕೈಕೊಟ್ಟಿತು. ಈ ಸಲ ಕಾರಣ ಕಣ್ಣಿಗೇ ಕಾಣದ್ದು. ರಕಾರಕ್ಕೆ ಯ ಒತ್ತು ಬರಲು ನಡುವೆ ಒಂದು ಅದೃಶ್ಯ ಅಕ್ಷರ ಇರಬೇಕು, ಅದನ್ನು ಜೋಡಕ ಅಂತ ಕರೆಯುತ್ತೇನೆ. ಟಿಪ್ಪಣಿಯಲ್ಲಿ 'ಇದು ತಪ್ಪು, ಇದು ಸರಿ' ಅಂತ ಎರಡು ರೂಪ ಅಂಟಿಸಿದ್ದೆ. ಅವರ ಟಿಕೆಟ್ ಪೆಟ್ಟಿಗೆ ಆ ಜೋಡಕವನ್ನು ನುಂಗಿಬಿಡುತ್ತದೆ. ಅವರಿಗೆ ಕಂಡದ್ದು ಒಂದೇ ಥರದ ಎರಡು ಪದ. "ವ್ಯತ್ಯಾಸ ಏನು ಮೇಡಂ?" ಅಂತ ನಾಲ್ಕು ಉತ್ತರ ಅದರಲ್ಲೇ ಹೋಯಿತು. ಅಲ್ಲಿಂದ ಅಕ್ಷರವನ್ನು ಅಂಟಿಸುವುದು ಬಿಟ್ಟು ಸಂಕೇತದ ಅಂಕಿಯನ್ನೇ ಬರೆಯುತ್ತೇನೆ:

```
gÁåAPï   -> U+0CB0 U+200D U+0CCD U+0CAF ...
¸ÀÆAiÀÄð -> ... U+0CB0 U+0CCD U+0CAF
```

ಎಡಗಡೆ ಇರುವುದು ನುಡಿಯ ಮೂಲ, ಬಲಗಡೆ ಯೂನಿಕೋಡ್. U+200D ಅನ್ನೋದೇ ಜೋಡಕ. ಯ ಒತ್ತಿಗೆ `å`, ಅರ್ಕಾವೊತ್ತಿಗೆ `ð`, ಅಲ್ಲಿ ಎರಡೂ ಬೇರೆ ಬೇರೆ ಗುರುತು. ಪರಿವರ್ತಕ ಜೋಡಕ ಹಾಕದೆ ಎರಡನ್ನೂ ಒಂದೇ 'ರ್ಯ' ಮಾಡಿದರೆ ಆ ಭೇದ ಅಳಿಸಿಹೋಗುತ್ತದೆ, ಆಮೇಲೆ ಹುಡುಕಿ ಬದಲಾಯಿಸಿ ವಾಪಸ್ ತರಲಾಗದು. ಹಾಗಾಗಿ ತಿದ್ದಬೇಕಾದ್ದು ಪರಿವರ್ತನೆಯ ಹಂತದಲ್ಲೇ. ಅರುವತ್ತು ಪ್ರಶ್ನೋತ್ತರದ ಸಾರ ಈ ಎರಡು ಸಾಲು. ಮೊದಲ ಟಿಪ್ಪಣಿಯ ಎರಡು ಪುಟದಲ್ಲಿ ಇದೇ ಇರಲಿಲ್ಲ.

ಇಲ್ಲಿಂದ ಸೇವೆಯ ಮೇಲಿನ ನನ್ನ ಸಿಟ್ಟು ಸ್ವಲ್ಪ ಇಳಿಯಿತು ಅನ್ನಬೇಕು. ಮೂರನೇ ಟಿಕೆಟ್ಟಿನಿಂದ ಟಿಪ್ಪಣಿ ಬರೆಯೋದು ನನಗೆ ಸಂಜೆಯ ಪೂಜೆಯ ಹಾಗಾಯಿತು. ಏಳೂವರೆಗೆ ಪ್ರಿಂಟರ್ ಆರಿಸಿ, ಫ್ಲಾಸ್ಕಿನಲ್ಲಿ ಉಳಿದ ಕಾಫಿ ಬಗ್ಗಿಸಿಕೊಂಡು, ಮಾತುಕತೆಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಕೆಳಗಿನಿಂದ ಓದಿದರೆ ಕೊನೆಯ ತೀರ್ಮಾನ ಮೊದಲು ಸಿಗುತ್ತದೆ, ಅದಕ್ಕೆ ವಿರುದ್ಧವಾದ ಹಳೆಯ ಸಲಹೆ ಮೇಲೆ ಎದುರಾದಾಗ ಇದು ಸತ್ತದ್ದು ಅಂತ ತಟ್ಟನೆ ಗೊತ್ತಾಗುತ್ತದೆ. ಟಿಪ್ಪಣಿಯ ತಲೆಯಲ್ಲಿ ಇವತ್ತಿಗೆ ಕೆಲಸ ಎಲ್ಲಿ ನಿಂತಿದೆ ಅನ್ನೋದು. ಅದರ ಕೆಳಗೆ ಒಪ್ಪಿದ ತೀರ್ಮಾನ, ಕಾರಣದ ಜೊತೆ. ಆಮೇಲೆ 'ಮತ್ತೆ ಮಾಡಬೇಡಿ' ಅಂತ ಒಂದು ಭಾಗ. ಸೋತ ಉಪಾಯವನ್ನು ಸುಮ್ಮನೆ 'ಆಗಲಿಲ್ಲ' ಅಂತ ಬರೆದರೆ ಹೊಸಬರು ನಂಬುವುದಿಲ್ಲ, ಇನ್ನೊಮ್ಮೆ ನೋಡೋಣ ಅನ್ನುತ್ತಾರೆ. 'ಮಾಡಿದೆವು, ಕಾರ್ಯದರ್ಶಿ ಕೆಟ್ಟಿತು' ಅಂದರೆ ಕೈ ಹಾಕುವುದಿಲ್ಲ. ಕೊನೆಗೆ ಉಳಿದ ಪ್ರಶ್ನೆ, ಶುರು ಮಾಡಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ.

ಇದರಲ್ಲಿ ನನಗೆ ತಡವಾಗಿ ಬುದ್ಧಿ ಬಂದದ್ದು ಒಂದಿದೆ. ಪ್ರತಿ ಸಾಲಿನ ಮುಂದೆ 'ನೋಡಿದೆ' ಅಥವಾ 'ಅವರು ಹೇಳಿದ್ದು' ಅಂತ ಗುರುತು ಹಾಕುತ್ತೇನೆ. ಅವರು "ಬಹುಶಃ ಫಾಂಟಿನ ದೋಷ" ಅಂದದ್ದು ನನ್ನ ಟಿಪ್ಪಣಿಗೆ ಇಳಿಯುವಾಗ 'ಬಹುಶಃ' ಉದುರಿ 'ಫಾಂಟಿನ ದೋಷ' ಆಗಿತ್ತು. ಮುಂದಿನವರು ಅದನ್ನೇ ನಂಬಿ ನನ್ನಿಂದ ಮೂರು ಫಾಂಟ್ ಬದಲಾಯಿಸಿದರು. ಹಾಗೆಯೇ 'ನಿನ್ನೆಯ ಫೈಲ್' ಅಂತಲೂ ಬರೆಯಬಾರದು. ಎರಡು ತಿಂಗಳ ಮೇಲೆ ಓದುವವರಿಗೆ ಯಾವ ನಿನ್ನೆ? ಫೈಲಿನ ಪೂರ್ತಿ ಹೆಸರು, ಬದಲಾಯಿಸಿದ ದಿನಾಂಕ ಎರಡೂ ಬರೆಯುತ್ತೇನೆ.

ಟಿಪ್ಪಣಿ ಸಾಕಾಯಿತೋ ಇಲ್ಲವೋ ಅಂತ ನೋಡಲು ಅಂಗಡಿಯ ಹುಡುಗನಿಗೆ ಕೊಡುತ್ತೇನೆ. ಅವನು ಆ ಮಾತುಕತೆ ನೋಡಿದವನಲ್ಲ. ಏನನ್ನೂ ಕೇಳದೆ ಮೊದಲ ಕೆಲಸ ಶುರು ಮಾಡಿದರೆ ಪಾಸು. "ಅಕ್ಕಾ, ಯಾವ ಫೋಲ್ಡರು?" ಅಂದರೆ ಮತ್ತೆ ಕೂತು ಬರೆಯಬೇಕು. ಒಂದು ಪುಟ ಮೀರಿದರೂ ಅವನು ಓದೋದಿಲ್ಲ. ಟಿಕೆಟ್ಟಿನವರೂ ಅಷ್ಟೇ.

ಐದನೇ ಟಿಕೆಟ್ಟಿಗೆ ಬಂದವರು ಮೊದಲ ಉತ್ತರದಲ್ಲೇ ನೇರ ಉಳಿದ ಪ್ರಶ್ನೆಗೆ ಕೈ ಹಾಕಿದರು, 'ನಮಸ್ಕಾರ, ನಿಮ್ಮ ಸಮಸ್ಯೆ ವಿವರಿಸಿ' ಅನ್ನಲಿಲ್ಲ. ಖುಷಿಗೆ ಹುಡುಗನಿಗೆ ಬೆಣ್ಣೆ ದೋಸೆ ಕೊಡಿಸಿದೆ. ಮಳೆಗಾಲದಲ್ಲಿ ಕೆಲಸ ಮೂರು ತಿಂಗಳು ನಿಂತಿತ್ತು. ಮತ್ತೆ ತೆರೆದಾಗ ನನಗೇ ಏನೂ ನೆನಪಿರಲಿಲ್ಲ. ಆ ಒಂದು ಪುಟ ಓದಿ, ಯಾರನ್ನೂ ಕೇಳದೆ ಹತ್ತೇ ನಿಮಿಷದಲ್ಲಿ ಕೆಲಸಕ್ಕೆ ಕೂತೆ. ಆ ತಿಂಗಳು ಚಂದಾ ಕಟ್ಟಿದ್ದು ದಂಡ ಅನ್ನಿಸಿದ್ದೂ ಹೌದು.

ಐದಕ್ಕೆ ಮೂರು ನಕ್ಷತ್ರ. ಉತ್ತರಿಸುವವರು ತಿಳಿದವರು, ಮರ್ಯಾದೆಯವರು. ಆದರೆ ಹತ್ತು ದಿನದ ನಿಯಮ ನನ್ನಂಥ ಬಿಟ್ಟುಬಿಟ್ಟು ಕೆಲಸ ಮಾಡುವವರಿಗಲ್ಲ, ಜೋಡಕ ನುಂಗುವ ಪೆಟ್ಟಿಗೆಯ ಬಗ್ಗೆ ನಾಲ್ಕು ಸಲ ಬರೆದರೂ ಸರಿಯಾಗಿಲ್ಲ. ಇನ್ನು ಉಳಿದಿರುವುದು ಎರಡು ಸಂಚಿಕೆ. ದೊಡ್ಡ ಪ್ಲಾನ್ ಬಿಟ್ಟು ಈ ತಿಂಗಳಿಂದ ಸಣ್ಣದಕ್ಕೆ ಇಳಿದಿದ್ದೇನೆ.