ಸಿಪ್ ಫೋನಿಗೆ ಯುಡಿಪಿ, ಟಿಸಿಪಿ, ಟಿಎಲ್ಎಸ್: ಮೂರನ್ನೂ ಹಾಕಿ ನೋಡಿ ನಾನು ಟಿಸಿಪಿಗೆ ನಿಂತೆ

ಕಡಿಮೆ ದುಡ್ಡಿಗೆ ಸಿಕ್ಕಿತು ಅಂತ ಇಂಟರ್ನೆಟ್ ಮೂಲಕ ಕಾಲ್ ಮಾಡುವ ಹಳೆಯ ಮಾದರಿಯ ಸಿಪ್ ಡೆಸ್ಕ್ ಫೋನ್ ಒಂದನ್ನು ತಂದೆ. ಅಕೌಂಟ್ ಹಾಕಿದ ತಕ್ಷಣ ರಿಜಿಸ್ಟರ್ ಆಯಿತು, ಪರದೆಯಲ್ಲಿ ಹಸಿರು ಗುರುತು ಬಂತು. ಆದರೆ ನಂಬರ್ ಒತ್ತಿದರೆ ಅರ್ಧ ನಿಮಿಷ ಬರೀ ಮೌನ, ಆಮೇಲೆ ಕಾಲ್ ಫೇಲ್. ಅದೇ ಅಕೌಂಟ್ ಲ್ಯಾಪ್‌ಟಾಪಿನ ಸಾಫ್ಟ್‌ಫೋನಿನಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು. ಫೋನಿನ ಟ್ರಾನ್ಸ್‌ಪೋರ್ಟ್ ಸೆಟ್ಟಿಂಗಿನಲ್ಲಿ ಯುಡಿಪಿ ಬಿಟ್ಟು ಟಿಸಿಪಿ ಆರಿಸಿದ ಮೇಲೆ ಈ ಕಾಟ ತಪ್ಪಿತು. ಕಾರಣ ತಿಳಿಯಲು ಎರಡು ಸಂಜೆ ಬೇಕಾಯಿತು.

ಮೊದಲು ಯುಡಿಪಿ. ಫೋನಿನ ದಾರಿಯಲ್ಲಿ ಸಿಪ್ ಸಂದೇಶಗಳನ್ನು ತೋರಿಸುವ `sngrep` ಹಾಕಿ ನೋಡಿದೆ. `REGISTER` ಚಿಕ್ಕ ಸಂದೇಶ. ಅದು ಹೋಯಿತು, `200 OK` ಬಂತು. ಕಾಲ್ ಮಾಡಿದಾಗ ಮೊದಲ `INVITE` ಸಹ ತಲುಪಿತು. ಅದು 1,214 ಬೈಟ್ ಇತ್ತು. ಸರ್ವರ್ ಗುರುತು ಕೇಳುತ್ತಾ `407` ಕಳಿಸಿತು, ಫೋನ್ ಅದಕ್ಕೆ `ACK` ಕೊಟ್ಟಿತು. ಆಮೇಲೆ `Proxy-Authorization` ಸೇರಿಸಿ ಎರಡನೇ `INVITE` ಕಳಿಸಿತು. ಇದು 1,520 ಬೈಟ್. ಇದಕ್ಕೆ ಉತ್ತರವೇ ಇಲ್ಲ. ಫೋನ್ ಅರ್ಧ ಸೆಕೆಂಡ್ ಬಿಟ್ಟು, ಮತ್ತೆ ಒಂದು, ಎರಡು, ನಾಲ್ಕು ಹೀಗೆ ಅಂತರ ದುಪ್ಪಟ್ಟು ಮಾಡುತ್ತಾ ಅದನ್ನೇ ಒಟ್ಟು ಏಳು ಸಲ ಕಳಿಸಿತು. 32 ಸೆಕೆಂಡಿಗೆ ಕೈಬಿಟ್ಟಿತು.

ಲೆಕ್ಕ ಇಷ್ಟೇ. ಸಾಮಾನ್ಯ ಈಥರ್ನೆಟ್ ದಾರಿಯಲ್ಲಿ ಒಂದು ಪ್ಯಾಕೆಟ್ 1,500 ಬೈಟ್ ಮೀರುವಂತಿಲ್ಲ. ಐಪಿ ಮತ್ತು ಯುಡಿಪಿ ಹೆಡರ್‌ಗೆ 28 ಹೋದರೆ ಸಂದೇಶಕ್ಕೆ ಉಳಿಯುವುದು 1,472. ಹಾಗಾಗಿ ನನ್ನ ಎರಡನೇ `INVITE` ಎರಡು ತುಂಡಾಗಿ ಹೊರಟಿತು. ಪೋರ್ಟ್ ನಂಬರ್ ಇರುವುದು ಮೊದಲ ತುಂಡಿನಲ್ಲಿ ಮಾತ್ರ. ಎರಡನೆಯದು ಯಾರದು ಅಂತ ಗೊತ್ತಾಗದೆ ಎಷ್ಟೋ ರೂಟರ್, ಫೈರ್‌ವಾಲ್‌ಗಳು ಅದನ್ನು ಸುಮ್ನೆ ಬಿಸಾಕುತ್ತವೆ. ಸಿಪ್‌ನ ಮೂಲ ನಿಯಮ ಆರ್‌ಎಫ್‌ಸಿ 3261 ಇದನ್ನು ಮೊದಲೇ ಊಹಿಸಿದೆ: ದಾರಿಯ ಮಿತಿ ತಿಳಿಯದಿದ್ದಾಗ 1,300 ಬೈಟ್ ಮೀರಿದ ಸಂದೇಶ ಟಿಸಿಪಿಯಂಥ ಟ್ರಾನ್ಸ್‌ಪೋರ್ಟಿನಲ್ಲೇ ಹೋಗಬೇಕು. ನನ್ನ ಫೋನ್ ಅದನ್ನು ಪಾಲಿಸುತ್ತಿರಲಿಲ್ಲ. ರಿಜಿಸ್ಟರ್ ಆಗುತ್ತದೆ, `407` ಬರುತ್ತದೆ, ಆಮೇಲೆ ಮೌನ ಅಂದರೆ ಪಾಸ್‌ವರ್ಡ್ ಬದಲಿಸುತ್ತಾ ಕೂರಬೇಡಿ, ಮೊದಲು ಬೈಟ್ ಎಣಿಸಿ.

ಸಂದೇಶ ಇಷ್ಟು ದಪ್ಪ ಆಗಲು ಕಾರಣ ಮೀಡಿಯಾ ಮಾತುಕತೆಯ ಭಾಗ, ಅಂದರೆ ಎಸ್‌ಡಿಪಿ. ಫೋನ್ ತನಗೆ ಗೊತ್ತಿರುವ ಕೋಡೆಕ್‌ಗಳನ್ನೆಲ್ಲ ಮುಂದಿಡುತ್ತಿತ್ತು. ಪ್ರತಿ ಕೋಡೆಕ್ ನಂಬರಿಗೂ ಕೆಳಗೆ ಒಂದೆರಡು ವಿವರದ ಸಾಲು ಬೇರೆ. ನಾನು ಅದನ್ನು ಹೀಗೆ ಇಳಿಸಿದೆ:

```
m=audio 11780 RTP/AVP 9 0 8 18 97 98 99 102 101
m=audio 11780 RTP/AVP 8 0 101
```

8 ಮತ್ತು 0 ಅಂದರೆ ಜಿ.711ರ ಎರಡು ಬಗೆ, 101 ಇಲ್ಲಿ ಕೀಲಿ ಒತ್ತುವ ಸದ್ದಿಗೆ. ಸರ್ವರ್ ಉತ್ತರದಲ್ಲಿ 8 ಮತ್ತು 101 ಆರಿಸಿಕೊಂಡಿತು. `INVITE` 1,270ಕ್ಕೆ ಇಳಿಯಿತು, ಯುಡಿಪಿಯಲ್ಲೇ ಕಾಲ್ ಹೋಯಿತು! ಆದರೂ ನನಗೆ ಸಮಾಧಾನ ಇಲ್ಲ. ಒಳಬರುವ ಕಾಲ್‌ನ ಎಸ್‌ಡಿಪಿ ಎದುರಿನವರ ಕಡೆಯಿಂದ ಬರುತ್ತದೆ. ದಾರಿಯ ಪ್ರತಿ ಪ್ರಾಕ್ಸಿ ತನ್ನದೊಂದು `Via` ಸೇರಿಸುತ್ತದೆ, ಕೆಲವು `Record-Route` ಕೂಡ. ಒಳಬರುವ ಸಂದೇಶವನ್ನು ಚಿಕ್ಕದು ಮಾಡುವುದು ನನ್ನ ಕೈಲಿಲ್ಲ, ಅಲ್ವಾ? ಮೇಲಾಗಿ 9, ಅಂದರೆ ಧ್ವನಿ ಇನ್ನೂ ತಿಳಿಯಾಗಿ ಕೇಳಿಸುವ ಜಿ.722 ಸಹ ಹೋಯಿತು.

ಟಿಸಿಪಿಯಲ್ಲಿ ಕೋಡೆಕ್‌ಗಳನ್ನೆಲ್ಲ ವಾಪಸ್ ಹಾಕಿದೆ. 1,520 ಬೈಟ್ ಇದ್ದರೂ ಮೊದಲ ಸಲವೇ `100 Trying`, ಹಿಂದೆಯೇ `180 Ringing`. ಉದ್ದದ ಸಂದೇಶವನ್ನು ಟಿಸಿಪಿ ತಾನೇ ಅಳತೆಗೆ ತಕ್ಕಂತೆ ಹಂಚಿ ಕಳಿಸುತ್ತದೆ, ಪ್ರತಿ ಪ್ಯಾಕೆಟ್‌ನಲ್ಲೂ ಪೋರ್ಟ್ ನಂಬರ್ ಇರುತ್ತದೆ.

ಇದರಲ್ಲೂ ಒಂದು ತೊಡಕಿದೆ. ರೂಟರ್ ರೀಸ್ಟಾರ್ಟ್ ಆದರೆ ಹಳೆಯ ಕನೆಕ್ಷನ್ ಸತ್ತಿರುತ್ತದೆ, ಫೋನಿಗೆ ಅದು ಗೊತ್ತಿರುವುದಿಲ್ಲ. ಹಸಿರು ಗುರುತು ಇದ್ದರೂ ಒಳಗೆ ಕಾಲ್ ಬರುವುದಿಲ್ಲ. ರಿಜಿಸ್ಟರ್ ಅವಧಿಯನ್ನು 3,600 ಸೆಕೆಂಡಿನಿಂದ 300ಕ್ಕೆ ಇಳಿಸಿದೆ. ಈಗ ಹೆಚ್ಚೆಂದರೆ ಐದು ನಿಮಿಷದಲ್ಲಿ ಅದು ಮತ್ತೆ ಸೇರಿಕೊಳ್ಳುತ್ತದೆ. `Contact` ಸಾಲಿನಲ್ಲಿ `;transport=tcp` ಇದೆಯೇ ಅಂತಲೂ ಒಮ್ಮೆ ನೋಡಿಕೊಳ್ಳಿ.

ಧ್ವನಿಯ ಗುಣಮಟ್ಟದಲ್ಲಿ ಮೂರಕ್ಕೂ ವ್ಯತ್ಯಾಸ ಇಲ್ಲ. ಮಾತು ಹೋಗುವುದು ಬೇರೆ ಆರ್‌ಟಿಪಿ ದಾರಿಯಲ್ಲಿ, ಯುಡಿಪಿ ಮೇಲೆಯೇ.

ಟಿಎಲ್ಎಸ್ ಕಾಗದದ ಮೇಲೆ ಎಲ್ಲಕ್ಕಿಂತ ಒಳ್ಳೆಯದು. ಬೈಟ್ ಗೋಳು ಅದರಲ್ಲೂ ಇಲ್ಲ, ಫೋನಿನಿಂದ ಸರ್ವರ್‌ವರೆಗಿನ ದಾರಿಯಲ್ಲಿ ಯಾರೂ ಸಂದೇಶ ಓದಲಾಗುವುದಿಲ್ಲ. ಆದರೆ ನನ್ನ ಫೋನಿಗೆ ಬರುವುದು ಹಳೆಯ ಟಿಎಲ್ಎಸ್ 1.0 ಮಾತ್ರ, ಸರ್ವರ್ ಅದನ್ನು ಒಪ್ಪಲಿಲ್ಲ. ಇದಕ್ಕೋಸ್ಕರ ಇನ್ನೊಂದು ಫೋನ್ ಕೊಳ್ಳಲು ಈಗ ದುಡ್ಡಿಲ್ಲ. ಏನಾದರೂ ಕೆಟ್ಟರೆ `sngrep` ತೆರೆದು ನೋಡುವುದು ನನಗೆ ಅಭ್ಯಾಸ, ಟಿಎಲ್ಎಸ್ ಆದರೆ ಅದು ಅಷ್ಟು ಸುಲಭ ಅಲ್ಲ. ನಿಮ್ಮ ಮಾತು ಗುಟ್ಟಾಗಿರಬೇಕಾದರೆ ಮಾತ್ರ ಟಿಎಲ್ಎಸ್ ಜೊತೆಗೆ ಮಾತನ್ನು ಮುಚ್ಚಿಡುವ ಎಸ್‌ಆರ್‌ಟಿಪಿಯನ್ನೂ ಆನ್ ಮಾಡಿಕೊಳ್ಳಿ. ಟಿಎಲ್ಎಸ್ ಮುಚ್ಚಿಡುವುದು ಕಾಲ್ ಜೋಡಿಸುವ ಸಂದೇಶಗಳನ್ನು, ಮಾತನ್ನಲ್ಲ.