ಗಾಡಿ ಮಿರ್ಚಿ, ಮನೆ ಮಿರ್ಚಿ, ಬರೀ ಮಂಡಕ್ಕಿ: ಮೂರು ರಕ್ತ ಪರೀಕ್ಷೆ

ದಾವಣಗೆರೆಯಲ್ಲಿ ಸಂಜೆಯಾದರೆ ಮಂಡಕ್ಕಿ ಮಿರ್ಚಿ ಬೇಕೇ ಬೇಕು. ನಾನು ವಾರಕ್ಕೆ ಐದು ದಿನ, ದಿನಕ್ಕೆ ನಾಲ್ಕು ಮಿರ್ಚಿ ಗಾಡಿಯಲ್ಲೇ ತಿನ್ನುತ್ತಿದ್ದೆ. ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿದಾಗ ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ 146, ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ 210 ಬಂತು. ಮನಸ್ಸಿಗೆ ಕಸಿವಿಸಿಯಾಯಿತು.

ಆ ಗಾಡಿಯ ಬಾಣಲೆಯನ್ನು ಮೊದಲ ಸಲ ಸರಿಯಾಗಿ ನೋಡಿದ್ದು ಆಮೇಲೆ. ಎಣ್ಣೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಮಿರ್ಚಿ ತೆಗೆದ ಮೇಲೂ ಅಂಚಿನ ನೊರೆ ಇಳಿಯಲಿಲ್ಲ, ಝಾರಿಯಿಂದ ಎಣ್ಣೆ ಹನಿ ಹನಿಯಾಗಿ ಬೀಳದೆ ಪಾಕದ ಹಾಗೆ ಎಳೆಯಾಗಿ ಇಳಿಯುತ್ತಿತ್ತು, ಅದರ ಮೇಲೇ ಹೊಸ ಪ್ಯಾಕೆಟ್ ಪಾಮ್ ಎಣ್ಣೆ ಸುರಿದರು. ಹೀಗೆ ಸೇರಿಸಿದರೆ ಬಣ್ಣ ತಿಳಿಯಾಗುತ್ತದೆ, ಕೆಟ್ಟದ್ದು ಹೋಗುವುದಿಲ್ಲ. ಎಣ್ಣೆ ಕಾದು ಕಾದು ಒಡೆದಾಗ ಹುಟ್ಟುವ ಪೋಲಾರ್ ಕಾಂಪೌಂಡ್‌ಗಳು ಶೇ 25 ದಾಟಿದರೆ ಆ ಎಣ್ಣೆ ಬಳಸಬಾರದು ಎಂದು 2018ರ ಜುಲೈಯಿಂದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮವಿದೆ. ಗಾಡಿ ಬಳಿ ಅದನ್ನು ಅಳೆಯುವವರು ಯಾರು?

ಮುಂದಿನ ಮೂರು ತಿಂಗಳು ಅಷ್ಟೇ ಮಿರ್ಚಿ, ಆದರೆ ಮನೆಯಲ್ಲಿ, ಹೊಸ ಶೇಂಗಾ ಎಣ್ಣೆಯಲ್ಲಿ. ರುಚಿಯಲ್ಲಿ ಗಾಡಿಯದ್ದೇ ಮೇಲು, ಒಪ್ಪುತ್ತೇನೆ. ಆದರೆ ತಿಂದ ಮೇಲೆ ಗಂಟಲಿಗೆ ಅಂಟುವ ಜಿಡ್ಡು, ರಾತ್ರಿಯ ಹುಳಿತೇಗು ಎರಡೂ ಇಲ್ಲ. ಎಲ್‌ಡಿಎಲ್ 134ಕ್ಕೆ ಇಳಿಯಿತು. ಟ್ರೈಗ್ಲಿಸರೈಡ್ ಮಾತ್ರ 195, ಅಂದರೆ ಹೆಚ್ಚೇನೂ ಕದಲಲಿಲ್ಲ.

ಯಾಕೆ ಅಂತ ಒಂದು ದಿನ ಅಳೆದು ನೋಡಿದೆ. ಬಾಣಲೆಗೆ 500 ಮಿ.ಲೀ. ಹಾಕಿ 12 ಮಿರ್ಚಿ ಕರಿದೆ. ಆರಿದ ಮೇಲೆ ಉಳಿದದ್ದು 415. ಒಂದೊಂದು ಮಿರ್ಚಿ ಸುಮಾರು 7 ಮಿ.ಲೀ. ಕುಡಿದಿದೆ, ನಾಲ್ಕಕ್ಕೆ ಹತ್ತಿರ ಹತ್ತಿರ ಆರು ಚಮಚ! ಹಿಟ್ಟಿಗೆ ಸೋಡಾ ಜಾಸ್ತಿಯಾದರೆ ಇನ್ನೂ ಕುಡಿಯುತ್ತದೆ. ಎಣ್ಣೆ ಹೊಸದಾದರೂ ಹೊಟ್ಟೆಗೆ ಹೋಗುವ ಕ್ಯಾಲೊರಿ ಅಷ್ಟೇ ಅಲ್ವಾ?

ಮೂರನೇ ಸರದಿ: ಖಾರ ಮಂಡಕ್ಕಿ, ಈರುಳ್ಳಿ, ಹಸಿ ಮೆಣಸಿನಕಾಯಿ, ಮಿರ್ಚಿ ಶನಿವಾರ ಮಾತ್ರ, ಎರಡೇ. ಮೊದಲ ವಾರ ಸಂಜೆ ಕೈ ಪರಪರ ಅನ್ನುತ್ತಿತ್ತು. ಮೂರು ತಿಂಗಳಿಗೆ ಟ್ರೈಗ್ಲಿಸರೈಡ್ 150, ಎಲ್‌ಡಿಎಲ್ 130.

ಎಲ್‌ಡಿಎಲ್ ಇಳಿದದ್ದು ಹಳೇ ಎಣ್ಣೆ ಬಿಟ್ಟದ್ದರಿಂದಲೋ, ಪಾಮ್ ಬಿಟ್ಟದ್ದರಿಂದಲೋ ಬಿಡಿಸಿ ಹೇಳಲಾರೆ. ಪಾಮ್ ಎಣ್ಣೆಯ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು, ಅದೊಂದೇ ಎಲ್‌ಡಿಎಲ್ ಏರಿಸಲು ಸಾಕು. ಮೂರೂ ಸಲ ಒಂದೇ ಲ್ಯಾಬ್, 12 ತಾಸು ಉಪವಾಸ; ಆದರೂ ನಾಲ್ಕೈದು ಅಂಕ ಸುಮ್ನೆ ಹೆಚ್ಚುಕಮ್ಮಿ ಆಗುತ್ತದೆ, ಹಾಗಾಗಿ 134ಕ್ಕೂ 130ಕ್ಕೂ ವ್ಯತ್ಯಾಸ ಇದೆ ಅನ್ನಲಾರೆ. ಟ್ರೈಗ್ಲಿಸರೈಡ್ ಇಳಿದದ್ದು ಮಾತ್ರ ದೊಡ್ಡದು, ಅದು ಕರಿದದ್ದನ್ನೇ ಕಡಿಮೆ ಮಾಡಿದ್ದರಿಂದ ಬಂತು ಎಂದೇ ನನ್ನ ನಂಬಿಕೆ.

ಈಗ ಶನಿವಾರ ಕರಿದು ಉಳಿದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿಡುತ್ತೇನೆ, ಯಾಕೆಂದರೆ ತಳದ ಕಡಲೆಹಿಟ್ಟಿನ ಕರಕಲು ಎಣ್ಣೆಯನ್ನು ಬೇಗ ಕೆಡಿಸುತ್ತದೆ. ಭಾನುವಾರ, ಸೋಮವಾರದ ಒಗ್ಗರಣೆಗೆ ಅದು ಮುಗಿಯುತ್ತದೆ. ಮತ್ತೆ ಬಾಣಲೆಗೆ ಹಾಕುವುದಿಲ್ಲ.